ಇಲಿ ಕೋಶ, ಮನುಷ್ಯ ಕೋಶ, ನಲವತ್ತು ನಿಮಿಷ: ಪೊರೆಯೊಳಗಿನ ಓಡಾಟವನ್ನು ಲೆಕ್ಕ ಹಾಕುವ ಬಗೆ

“ಮೇಡಂ, ಪೊರೆ ದ್ರವ ಅಂತೀರಲ್ಲ, ಹಂಗಾದ್ರೆ ಅದು ಯಾವ ಕಡೆ ಹರೀತದೆ?”

ದಾವಣಗೆರೆಯ ನಮ್ಮ ಮನೆಯ ಮಹಡಿಯಲ್ಲಿ ಸಂಜೆ ಪಾಠಕ್ಕೆ ಬರುವ ಬಿಎಸ್ಸಿ ಮೊದಲ ವರ್ಷದ ಹುಡುಗಿಯೊಬ್ಬಳು ಹೀಗೆ ಕೇಳಿದಳು. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ದ್ರವ ಮೊಸಾಯಿಕ್ ಮಾದರಿಯ ಚಿತ್ರ ಬಿಡಿಸಿ, ಹೆಸರು ಗುರುತಿಸಿ, ಪೂರ್ತಿ ಅಂಕ ತೆಗೆದವರಲ್ಲೂ ಬಹಳ ಜನರ ತಲೆಯಲ್ಲಿ ಈ ಪ್ರಶ್ನೆ ಹಾಗೇ ಉಳಿದಿರುತ್ತದೆ. ಅವರು ದ್ರವ ಎಂದರೆ ಭದ್ರಾ ನಾಲೆಯ ನೀರನ್ನು ನೆನೆಯುತ್ತಾರೆ. ಪೊರೆಯಲ್ಲಿ ಅಂಥ ಹರಿವು ಇಲ್ಲ. ಅಲ್ಲಿರುವುದು ಗೊತ್ತುಗುರಿಯಿಲ್ಲದ ನೂಕಾಟ. ಆ ನೂಕಾಟದಿಂದಲೇ ಒಂದು ಪ್ರೋಟೀನ್ ಕೋಶದ ಈ ತುದಿಯಿಂದ ಆ ತುದಿಗೆ ಹೋಗುವುದು ಹೇಗೆ, ಅದಕ್ಕೆ ಎಷ್ಟು ಹೊತ್ತು ಬೇಕು ಎನ್ನುವುದನ್ನು ಎರಡು ನಾಣ್ಯ, ಒಂದು ಚೌಕುಳಿ ಹಾಳೆ ಇಟ್ಟುಕೊಂಡು ಲೆಕ್ಕ ಹಾಕಬಹುದು. ಆ ಹುಡುಗಿಗೆ ಹೇಳಿಕೊಟ್ಟ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಯಾವ ಚಲನೆ ಸುಲಭ, ಯಾವುದು ಕಷ್ಟ

ಪೊರೆಯ ಫಾಸ್ಫೋಲಿಪಿಡ್ ಅಣುವಿಗೆ ನೀರನ್ನು ಇಷ್ಟಪಡುವ ಒಂದು ತಲೆ, ನೀರಿಗೆ ಬೆನ್ನು ತಿರುಗಿಸುವ ಎರಡು ಕೊಬ್ಬಿನ ಬಾಲ. ಕೋಶದ ಹೊರಗೂ ನೀರು, ಒಳಗೂ ನೀರು. ಆದ್ದರಿಂದ ಅಣುಗಳು ಎರಡು ಪದರವಾಗಿ ನಿಲ್ಲುತ್ತವೆ: ತಲೆಗಳು ಎರಡೂ ಕಡೆ ನೀರಿನತ್ತ, ಬಾಲಗಳು ನಡುವೆ ಒಂದಕ್ಕೊಂದು ಎದುರು. ಅಣುವಿಗೂ ಅಣುವಿಗೂ ನಡುವೆ ಗಟ್ಟಿ ರಾಸಾಯನಿಕ ಬಂಧ ಇಲ್ಲ ಎಂಬುದೇ ಇಲ್ಲಿನ ಗುಟ್ಟು. ಅವು ಒತ್ತಾಗಿ ನಿಂತಿವೆ, ಆದರೆ ಕೈಕೈ ಹಿಡಿದು ನಿಂತಿಲ್ಲ.

ದುಗ್ಗಮ್ಮನ ಜಾತ್ರೆಯ ಗುಂಪಿನಲ್ಲಿ ಸಿಕ್ಕಿಕೊಂಡವರಿಗೆ ಇದು ಗೊತ್ತು. ಪಕ್ಕದವರೊಡನೆ ಜಾಗ ಬದಲಿಸಿಕೊಳ್ಳುತ್ತ ಸರಿಯಬಹುದು, ನಿಂತಲ್ಲೇ ಸುತ್ತು ತಿರುಗಬಹುದು. ಲಿಪಿಡ್ ಕೂಡ ಹಾಗೇ: ತನ್ನ ಪದರದೊಳಗೆ ಪಕ್ಕಕ್ಕೆ ಸರಿಯುವುದು ಸುಲಭ, ನಿಂತಲ್ಲೇ ಗಿರಕಿ ಹೊಡೆಯುವುದು ಇನ್ನೂ ಸುಲಭ. ಮೇಲಿನ ಪದರದಿಂದ ಕೆಳಗಿನ ಪದರಕ್ಕೆ ಪಲ್ಟಿ ಹೊಡೆಯುವುದು ಮಾತ್ರ ಕಷ್ಟ. ಹಾಗೆ ಮಾಡಲು ನೀರನ್ನು ಬಿಡಲೊಲ್ಲದ ತಲೆ ನಡುವಿನ ಕೊಬ್ಬಿನ ಪದರವನ್ನು ದಾಟಬೇಕು. 1971ರಲ್ಲಿ ಕಾರ್ನ್‌ಬರ್ಗ್ ಮತ್ತು ಮೆಕಾನೆಲ್ ಕೃತಕ ಲಿಪಿಡ್ ಗುಳ್ಳೆಗಳಲ್ಲಿ ಇದನ್ನು ಅಳೆದರು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಲ್ಟಿಯ ಅರ್ಧಕಾಲ ಸುಮಾರು ಆರೂವರೆ ಗಂಟೆ ಬಂತು. ಅದೇ ಅಣು ಪಕ್ಕದವನೊಡನೆ ಜಾಗ ಬದಲಿಸುವುದು ಸೆಕೆಂಡಿಗೆ ಸುಮಾರು ಒಂದು ಕೋಟಿ ಸಲ!

ಜೀವಂತ ಕೋಶದಲ್ಲಿ ಪಲ್ಟಿ ಬೇಗ ಆಗಬೇಕಾದಾಗ ಅದಕ್ಕೆಂದೇ ಪ್ರೋಟೀನ್‌ಗಳಿವೆ. ಫ್ಲಿಪೇಸ್ ಎಂಬುದು ಎಟಿಪಿ ಖರ್ಚು ಮಾಡಿ ಆಯ್ದ ಲಿಪಿಡ್‌ಗಳನ್ನು ಒಳಪದರಕ್ಕೆ ತಿರುಗಿಸುತ್ತದೆ. ಪ್ರೋಟೀನ್‌ಗಳು ಮಾತ್ರ ಹೀಗೆ ಪಲ್ಟಿ ಹೊಡೆಯುವುದಿಲ್ಲ. ಅವುಗಳ ಸಕ್ಕರೆ ಸರಪಳಿಗಳು ಕೋಶದ ಹೊರಮೈಯಲ್ಲೇ ಇರುವುದು ಅದರಿಂದಲೇ. ಪರೀಕ್ಷೆಯಲ್ಲಿ “ಲಿಪಿಡ್ ಮತ್ತು ಪ್ರೋಟೀನ್ ಎಲ್ಲ ದಿಕ್ಕಿಗೂ ಚಲಿಸುತ್ತವೆ” ಎಂದು ಬರೆದರೆ ನಾನಂತೂ ಅಂಕ ಕಡಿಯುತ್ತೇನೆ.

ಆಮೇಲೆ: ತುಪ್ಪದ ಡಬ್ಬಿ ನೋಡಿ

ಬೆಣ್ಣೆದೋಸೆಯ ಊರಿನಲ್ಲಿ ಕೊಬ್ಬಿನ ಗುಣ ಹೇಳಿಕೊಡಲು ಪ್ರಯೋಗಾಲಯ ಬೇಕಿಲ್ಲ. ಡಿಸೆಂಬರ್ ಬೆಳಗ್ಗೆ ಅಡುಗೆಮನೆಯಲ್ಲಿ ತುಪ್ಪ ಹರಳುಗಟ್ಟಿ ಕೂತಿರುತ್ತದೆ. ಪಕ್ಕದ ಕ್ಯಾನಿನಲ್ಲಿ ಚಳ್ಳಕೆರೆಯಿಂದ ತಂದ ಶೇಂಗಾ ಎಣ್ಣೆ ಅದೇ ಚಳಿಯಲ್ಲಿ ಧಾರೆಯಾಗಿ ಬೀಳುತ್ತದೆ. ತುಪ್ಪದ ಬಾಲಗಳಲ್ಲಿ ಹೆಚ್ಚಿನವು ನೇರ ಕಡ್ಡಿಗಳು, ಅಂದರೆ ಸಂತೃಪ್ತ ಕೊಬ್ಬಿನಾಮ್ಲಗಳು. ಅವು ಕಟ್ಟಿಗೆ ಹೊರೆಯಂತೆ ಬಿಗಿಯಾಗಿ ಕೂಡುತ್ತವೆ. ಶೇಂಗಾ ಎಣ್ಣೆಯ ಬಹುಪಾಲು ಬಾಲಗಳಲ್ಲಿ ದ್ವಿಬಂಧ ಇರುವ ಕಡೆ ಒಂದು ಸೊಟ್ಟ ಇರುತ್ತದೆ. ಸೊಟ್ಟ ಕಟ್ಟಿಗೆಯ ಹೊರೆ ಎಷ್ಟು ಬಿಗಿದರೂ ಸಡಿಲ.

ಪೊರೆಯ ಬಾಲಗಳ ಕಥೆಯೂ ಇದೇ. ಸೊಟ್ಟ ಬಾಲಗಳು ಹೆಚ್ಚಿದ್ದರೆ ಪೊರೆ ತಣ್ಣಗಿದ್ದರೂ ಸಡಿಲ, ನೇರ ಬಾಲಗಳು ಹೆಚ್ಚಿದ್ದರೆ ಬೇಗ ಗಟ್ಟಿ. ಪ್ರಾಣಿ ಕೋಶಗಳಲ್ಲಿ ಕೊಲೆಸ್ಟ್ರಾಲ್ ಈ ಎರಡರ ನಡುವೆ ನಿಲ್ಲುತ್ತದೆ. ಬಿಸಿಯಲ್ಲಿ ಬಾಲಗಳ ಕುಣಿತವನ್ನು ತಡೆಯುತ್ತದೆ, ಚಳಿಯಲ್ಲಿ ಅವು ಹೊರೆಗಟ್ಟದಂತೆ ಬಿಡಿಸಿ ಇಡುತ್ತದೆ.

ಈ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಿ. ಡಬ್ಬಿಯ ಎಣ್ಣೆಯಲ್ಲಿ ಅಣುಗಳು ಮೂರೂ ಆಯಾಮಗಳಲ್ಲಿ ಹೇಗೆಂದರೆ ಹಾಗೆ ಇವೆ. ಪೊರೆಯಲ್ಲಿ ಅವು ಎರಡು ಹಾಳೆಯಾಗಿ ಶಿಸ್ತಿನಿಂದ ನಿಂತಿವೆ. ಪೊರೆ ದ್ರವವಾಗಿರುವುದು ಹಾಳೆಯ ಮಟ್ಟಸದಲ್ಲಿ ಮಾತ್ರ.

ನಾಣ್ಯದ ನಡಿಗೆ

ಇಷ್ಟು ಹೊತ್ತು ಹೇಳಿದ್ದನ್ನು ಯಾರೂ ಬಾಯಿಪಾಠ ಮಾಡಬಹುದು. ಮುಂದಿನದನ್ನು ಮಾಡಿಯೇ ನೋಡಬೇಕು. ಒಂದು ಚೌಕುಳಿ ಹಾಳೆ, ಒಂದು ರೂಪಾಯಿ ನಾಣ್ಯ, ಎರಡು ರೂಪಾಯಿ ನಾಣ್ಯ, ಪೆನ್ಸಿಲ್ ತೆಗೆದುಕೊಳ್ಳಿ. ಹಾಳೆಯ ನಡುವೆ ಒಂದು ಚುಕ್ಕಿ ಇಡಿ. ಅದು ನಿಮ್ಮ ಅಣು.

ಎರಡೂ ನಾಣ್ಯ ಚಿಮ್ಮಿ. ಒಂದು ರೂಪಾಯಿಯಲ್ಲಿ ಸಿಂಹ ಬಿದ್ದರೆ ಅಡ್ಡಡ್ಡ ನಡೆ, ಬೆಲೆ ಬರೆದ ಮುಖ ಬಿದ್ದರೆ ಉದ್ದುದ್ದ ನಡೆ. ಎರಡು ರೂಪಾಯಿಯಲ್ಲಿ ಸಿಂಹ ಬಿದ್ದರೆ ಬಲಕ್ಕೆ ಅಥವಾ ಮೇಲಕ್ಕೆ, ಇಲ್ಲವಾದರೆ ಎಡಕ್ಕೆ ಅಥವಾ ಕೆಳಕ್ಕೆ. ಪ್ರತಿ ಸಲ ಒಂದೇ ಮನೆ. ಹೀಗೆ 16 ಹೆಜ್ಜೆ ನಡೆಸಿ ನಿಲ್ಲಿಸಿ.

ಈಗ ಹೊರಟ ಚುಕ್ಕಿಯಿಂದ ನಿಂತ ಚುಕ್ಕಿಗೆ ದೂರದ ವರ್ಗ ತೆಗೆಯಿರಿ. ಮೂರು ಮನೆ ಬಲಕ್ಕೂ ಒಂದು ಮನೆ ಮೇಲಕ್ಕೂ ಇದ್ದರೆ 9 ಮತ್ತು 1 ಸೇರಿ 10. ಮತ್ತೆ ಮೊದಲಿನ ಚುಕ್ಕಿಯಿಂದಲೇ ಶುರು ಮಾಡಿ. ಒಬ್ಬರೇ ಕೂತರೆ ಬೇಸರ ಬರುತ್ತದೆ, ಆರು ಜನ ತಲಾ ಐದು ನಡಿಗೆ ಮಾಡಿದರೆ ಅರ್ಧ ಗಂಟೆಯಲ್ಲಿ ಮೂವತ್ತು ಆಗುತ್ತದೆ. ಮೂವತ್ತರ ಸರಾಸರಿ 16ರ ಆಸುಪಾಸು ಬರಬೇಕು. 13 ಬಂದರೂ 19 ಬಂದರೂ ಗಾಬರಿ ಬೇಡ. ಬರೀ ಐದು ನಡಿಗೆಯ ಸರಾಸರಿ ನೋಡಿ “ಸರಿ ಬರ್ಲಿಲ್ಲ ಮೇಡಂ” ಎನ್ನುವುದು ಮಾತ್ರ ತಪ್ಪು. ಒಂದೊಂದು ನಡಿಗೆಯೂ ಅಷ್ಟು ಏರುಪೇರಾಗಿರುತ್ತದೆ. ಒಮ್ಮೆ ಹೊರಟಲ್ಲಿಗೇ ವಾಪಸು ಬಂದೀತು, ಒಮ್ಮೆ ಹಾಳೆಯ ಅಂಚಿಗೇ ಹೋದೀತು.

ಇದರಲ್ಲಿ ಕಾಣಬೇಕಾದದ್ದು ಇಷ್ಟು. ದೂರದ ವರ್ಗದ ಸರಾಸರಿ ಹೆಜ್ಜೆಗಳ ಎಣಿಕೆಗೆ ಸಮ. 16 ಹೆಜ್ಜೆಗೆ ದೂರ ಸುಮಾರು ನಾಲ್ಕು ಮನೆ. ಎಂಟು ಮನೆ ದೂರ ಹೋಗಲು 32 ಹೆಜ್ಜೆ ಸಾಲದು, 64 ಬೇಕು. ದೂರ ಎರಡರಷ್ಟಾದರೆ ಹೊತ್ತು ನಾಲ್ಕರಷ್ಟು. ಇದನ್ನೇ ಪುಸ್ತಕಗಳು ಹೀಗೆ ಬರೆಯುತ್ತವೆ:

```
x² = 4Dt
```

ಇಲ್ಲಿ x² ಎಂದರೆ ದೂರದ ವರ್ಗದ ಸರಾಸರಿ, t ಕಾಲ, D ಎಂಬುದು ವಿಸರಣ ಗುಣಾಂಕ. ಅಣು ಎಷ್ಟು ಚುರುಕಾಗಿ ಅಲೆಯುತ್ತದೆ ಎಂಬುದರ ಅಳತೆ ಅದು.

ಈಗ ನಾಣ್ಯದ ಹಾಳೆಯಿಂದ ನಿಜವಾದ ಲಿಪಿಡ್‌ಗೆ ಬನ್ನಿ. ಪಕ್ಕಪಕ್ಕದ ಎರಡು ಲಿಪಿಡ್‌ಗಳ ನಡುವೆ ಸುಮಾರು 0.8 ನ್ಯಾನೋಮೀಟರ್ ದೂರ. ಅದು ಒಂದು ಮನೆ. ಸೆಕೆಂಡಿಗೆ ಒಂದು ಕೋಟಿ ಹೆಜ್ಜೆ. ಅಣು ನೆಟ್ಟಗೆ ನಡೆದಿದ್ದರೆ ಒಂದು ಸೆಕೆಂಡಿನಲ್ಲಿ ಎಂಟು ಮಿಲಿಮೀಟರ್ ಹೋಗುತ್ತಿತ್ತು. ಆದರೆ ಅದು ನಡೆಯುವುದು ನಾಣ್ಯ ಹೇಳಿದಂತೆ. ಒಂದು ಕೋಟಿಯ ವರ್ಗಮೂಲ ಸುಮಾರು 3,160. ಅಷ್ಟು ಮನೆ ಎಂದರೆ ಎರಡೂವರೆ ಮೈಕ್ರೋಮೀಟರ್, ಒಂದು ಸಾಮಾನ್ಯ ಬ್ಯಾಕ್ಟೀರಿಯಾದ ಉದ್ದಕ್ಕಿಂತ ಸ್ವಲ್ಪ ಹೆಚ್ಚು. D ತೆಗೆದರೆ ಸೆಕೆಂಡಿಗೆ ಸುಮಾರು 1.6 ಚದರ ಮೈಕ್ರೋಮೀಟರ್. ಪೊರೆಯ ಲಿಪಿಡ್‌ಗಳಿಗೆ ಪ್ರಯೋಗದಲ್ಲಿ ಸಿಗುವ ಬೆಲೆಯೂ 1ರ ಆಸುಪಾಸಿನದೇ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಈ ಹಾಳೆಯಲ್ಲೇ ಇದೆ. ಯಾವ ಕಡೆಗೂ ಹರಿಯುವುದಿಲ್ಲ, ಆದರೂ ಎಲ್ಲ ಕಡೆಗೂ ಹರಡುತ್ತದೆ.

ಈಗ ನಿಜವಾದ ಪ್ರಯೋಗಕ್ಕೆ ಬನ್ನಿ

1935ರ ಡೇನಿಯೆಲಿ–ಡಾವ್ಸನ್ ಮಾದರಿಯಲ್ಲಿ ಪ್ರೋಟೀನ್‌ಗಳು ಲಿಪಿಡ್ ಪದರದ ಮೇಲೆ ಲೇಪದಂತೆ ಹರಡಿದ್ದವು. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಬರೆದ ಮಾದರಿಯಲ್ಲಿ ಅವು ಬಿಡಿಬಿಡಿಯಾಗಿ ಲಿಪಿಡ್ ಪದರದೊಳಗೇ ಹುದುಗಿ, ಅದರಲ್ಲಿ ತೇಲಾಡುತ್ತವೆ. ಬಿಡಿ ತುಣುಕುಗಳ ಜೋಡಣೆ ಎಂಬ ಅರ್ಥದಲ್ಲಿ ಮೊಸಾಯಿಕ್, ತುಣುಕುಗಳು ಅಂಟಿಕೊಂಡಿಲ್ಲ ಎಂಬ ಅರ್ಥದಲ್ಲಿ ದ್ರವ. ಈ ಎರಡನೆಯ ಮಾತಿಗೆ ದೊಡ್ಡ ಆಧಾರ ಎರಡು ವರ್ಷ ಮೊದಲೇ, 1970ರಲ್ಲಿ, ಫ್ರೈ ಮತ್ತು ಎಡಿಡಿನ್ ಮಾಡಿದ ಪ್ರಯೋಗದಿಂದ ಬಂದಿತ್ತು.

ಅವರು ಸೆಂಡೈ ವೈರಸ್ ಬಳಸಿ ಒಂದು ಇಲಿ ಕೋಶವನ್ನೂ ಒಂದು ಮನುಷ್ಯ ಕೋಶವನ್ನೂ ಬೆಸೆದು ಒಂದೇ ಕೋಶ ಮಾಡಿದರು. ಇಲಿಯ ಮೇಲ್ಮೈ ಪ್ರೋಟೀನ್‌ಗೆ ಅಂಟುವ ಪ್ರತಿಕಾಯ ಹಸಿರಾಗಿ ಹೊಳೆಯುವಂತೆ, ಮನುಷ್ಯನದಕ್ಕೆ ಅಂಟುವುದು ಕೆಂಪಾಗಿ ಹೊಳೆಯುವಂತೆ ನೋಡಿಕೊಂಡರು. ಬೆಸೆದ ಹೊಸದರಲ್ಲಿ ಕೋಶ ಅರ್ಧ ಹಸಿರು, ಅರ್ಧ ಕೆಂಪು. 37 ಡಿಗ್ರಿಯಲ್ಲಿ ನಲವತ್ತು ನಿಮಿಷ ಇಟ್ಟರೆ ಹೆಚ್ಚಿನ ಕೋಶಗಳಲ್ಲಿ ಎರಡೂ ಬಣ್ಣ ಪೂರ್ತಿ ಕಲೆತಿದ್ದವು.

ಇಲ್ಲಿಗೆ ನಿಲ್ಲಿಸುವ ವಿದ್ಯಾರ್ಥಿ ಅರ್ಧ ಪ್ರಯೋಗವನ್ನಷ್ಟೇ ಓದಿದ್ದಾನೆ. ಬಣ್ಣ ಕಲೆಯಲು ಬೇರೆ ಕಾರಣವೂ ಇರಬಹುದಲ್ಲ? ಬೆಸೆದ ಕೋಶ ಎರಡೂ ಜಾತಿಯ ಹೊಸ ಪ್ರೋಟೀನ್ ತಯಾರಿಸಿ ಎಲ್ಲ ಕಡೆ ಸೇರಿಸಿರಬಹುದು. ಶಕ್ತಿ ಖರ್ಚು ಮಾಡಿ ಹಳೆಯದನ್ನೇ ಹೊತ್ತು ಸಾಗಿಸಿರಬಹುದು. ಅದಕ್ಕೇ ಅವರು ಪ್ರೋಟೀನ್ ತಯಾರಿಕೆ ನಿಲ್ಲಿಸುವ ಔಷಧಿ ಹಾಕಿ ನೋಡಿದರು, ಎಟಿಪಿ ತಯಾರಿಕೆ ತಡೆದೂ ನೋಡಿದರು. ಬಣ್ಣ ಕಲೆಯುವುದು ನಿಲ್ಲಲಿಲ್ಲ. ನಿಲ್ಲಿಸಿದ್ದು ಚಳಿ. 15 ಡಿಗ್ರಿಗಿಂತ ಕೆಳಗೆ ಇಟ್ಟಾಗ ಹಸಿರು ಹಸಿರಾಗಿಯೇ, ಕೆಂಪು ಕೆಂಪಾಗಿಯೇ ಉಳಿಯಿತು. ಕೋಶದ ಕೆಲಸ ನಿಂತರೂ ನಿಲ್ಲದ ಚಲನೆ, ತುಪ್ಪ ಹೆಪ್ಪುಗಟ್ಟುವಂಥ ಚಳಿಗೆ ನಿಂತಿತು ಎಂದರೆ ಅದು ಅಲೆದಾಟವೇ ಹೊರತು ಸಾಗಾಟವಲ್ಲ. ನಿಮ್ಮ ಉತ್ತರದಲ್ಲಿ ಈ ವಾಕ್ಯ ಇರಲೇಬೇಕು.

ನಲವತ್ತು ನಿಮಿಷದ ಲೆಕ್ಕ

ಒಂದು ಅಂದಾಜು ಹಾಕೋಣ. ಬಣ್ಣಗಳು ಕಲೆಯಲು ಒಂದು ಪ್ರೋಟೀನ್ ಕೋಶದ ಮೈಮೇಲೆ 15 ಮೈಕ್ರೋಮೀಟರ್ ಹೋಗಬೇಕು ಎಂದಿಟ್ಟುಕೊಳ್ಳಿ. ವರ್ಗ 225. ನಲವತ್ತು ನಿಮಿಷ ಎಂದರೆ 2,400 ಸೆಕೆಂಡು, ಅದರ ನಾಲ್ಕರಷ್ಟು 9,600. ಭಾಗಿಸಿದರೆ D ಸೆಕೆಂಡಿಗೆ ಸುಮಾರು 0.02 ಚದರ ಮೈಕ್ರೋಮೀಟರ್.

ಇದೇ ದೂರವನ್ನು D 1 ಇರುವ ಲಿಪಿಡ್ ದಾಟಲು 225 ಭಾಗಿಸು 4, ಅಂದರೆ ಒಂದು ನಿಮಿಷಕ್ಕೂ ಕಡಿಮೆ ಸಾಕು. ಪ್ರೋಟೀನ್ ದಪ್ಪ, ಅದಕ್ಕೇ ನಿಧಾನ ಎಂದು ತೀರ್ಪು ಕೊಡುವ ಮುನ್ನ ಕಣ್ಣಿನ ಕಡೆ ನೋಡಿ. ರೆಟಿನಾದ ಕಡ್ಡಿಕೋಶಗಳ ಪೊರೆಯಲ್ಲಿರುವ ರೊಡಾಪ್ಸಿನ್ ಕೂಡ ಪೊರೆಯನ್ನು ಆಚೀಚೆ ದಾಟಿ ಕೂತ ಪ್ರೋಟೀನೇ. 1974ರಲ್ಲಿ ಪೂ ಮತ್ತು ಕೋನ್ ಅಳೆದಾಗ ಅದರ D ಸುಮಾರು 0.4 ಬಂತು. ಆ ವೇಗದಲ್ಲಿ 15 ಮೈಕ್ರೋಮೀಟರ್‌ಗೆ ಎರಡೂವರೆ ನಿಮಿಷ ಸಾಕು, ನಲವತ್ತು ಬೇಡ.

ಹಾಗಾದರೆ ಇಲಿ–ಮನುಷ್ಯ ಕೋಶದಲ್ಲಿ ಇಪ್ಪತ್ತು ಪಟ್ಟು ನಿಧಾನ ಏಕೆ? ಗಾತ್ರ ಇದಕ್ಕೆ ಸಾಲದು. 1975ರಲ್ಲಿ ಸ್ಯಾಫ್‌ಮನ್ ಮತ್ತು ಡೆಲ್‌ಬ್ರುಕ್ ತೋರಿಸಿದಂತೆ ಇಂಥ ಹಾಳೆಯೊಳಗೆ ಪ್ರೋಟೀನಿನ ಸುತ್ತಳತೆ ಹಿಗ್ಗಿದರೆ ವೇಗ ಬಹಳ ಸ್ವಲ್ಪ ಮಾತ್ರ ಇಳಿಯುತ್ತದೆ. ನಮ್ಮ ಅಂದಾಜು ಒರಟು, ದೂರ ಹತ್ತೋ ಇಪ್ಪತ್ತೋ ಇದ್ದೀತು, ನಿಜ. ಆದರೂ ಇಪ್ಪತ್ತು ಪಟ್ಟಿನ ವ್ಯತ್ಯಾಸ ಅದರಿಂದ ಮುಚ್ಚಿಹೋಗುವುದಿಲ್ಲ. ಪೊರೆಯಲ್ಲಿ ಇನ್ನೇನೋ ಅಡ್ಡ ಬರುತ್ತಿದೆ.

ಅದನ್ನು ಹೇಳಲು ನನಗೆ ಚಿತ್ರದುರ್ಗದ ಏಳು ಸುತ್ತಿನ ಕೋಟೆಗಿಂತ ಒಳ್ಳೆಯ ಹೋಲಿಕೆ ಸಿಕ್ಕಿಲ್ಲ. ಒಂದು ಸುತ್ತಿನೊಳಗೆ ಎಲ್ಲಿ ಬೇಕಾದರೂ ಅಡ್ಡಾಡಬಹುದು, ಮುಂದಿನ ಸುತ್ತಿಗೆ ಹೋಗಬೇಕಾದರೆ ಬಾಗಿಲು ಸಿಗಬೇಕು. ಪ್ಲಾಸ್ಮಾ ಪೊರೆಯ ಒಳಮೈಗೆ ಆಕ್ಟಿನ್ ಎಳೆಗಳ ಬಲೆ ತಾಗಿಕೊಂಡಿರುತ್ತದೆ. ಅದು ಪೊರೆಯನ್ನು ಸಣ್ಣ ಸಣ್ಣ ಅಂಗಳಗಳಾಗಿ ವಿಂಗಡಿಸುತ್ತದೆ. ಜಪಾನಿನ ಕುಸುಮಿ ತಂಡದವರು ಇಲಿಜಾತಿಯ ಮೂತ್ರಪಿಂಡ ಕೋಶದಲ್ಲಿ ಒಂದೊಂದೇ ಲಿಪಿಡ್ ಅಣುವನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಂಬಾಲಿಸಿ 2002ರಲ್ಲಿ ಪ್ರಕಟಿಸಿದರು. ಅಂಗಳದ ಅಡ್ಡಳತೆ ಸುಮಾರು 230 ನ್ಯಾನೋಮೀಟರ್. ಅಣು ಅದರೊಳಗೆ ಸರಾಸರಿ 11 ಮಿಲಿಸೆಕೆಂಡು ಚುರುಕಾಗಿ ಸುತ್ತಾಡಿ, ಆಮೇಲೆ ಪಕ್ಕದ ಅಂಗಳಕ್ಕೆ ಜಿಗಿಯುತ್ತಿತ್ತು. ಅಂಗಳದೊಳಗಿನ D ಐದಕ್ಕೂ ಹೆಚ್ಚು. ಅಂಗಳದಿಂದ ಅಂಗಳಕ್ಕೆ ಜಿಗಿಯುವ ನಡಿಗೆಯನ್ನೇ ಒಂದೊಂದು ಹೆಜ್ಜೆ ಎಂದು ಹಿಡಿದು ನಮ್ಮ ಸೂತ್ರ ಹಾಕಿ: 0.23ರ ವರ್ಗವನ್ನು 0.044ರಿಂದ ಭಾಗಿಸಿದರೆ 1.2. ಪೂರ್ತಿ ಕೋಶದ ಮೇಲೆ ಅಳೆದಾಗ ಸಿಗುವ “1ರ ಆಸುಪಾಸು” ಬಂದದ್ದು ಇಲ್ಲಿಂದ.

ಲಿಪಿಡ್‌ಗೇ ಇಷ್ಟು ತಡೆ ಇದ್ದರೆ ಪೊರೆಯ ಕೆಳಗೆ ಬಾಲ ಚಾಚಿಕೊಂಡಿರುವ ಪ್ರೋಟೀನ್‌ಗೆ ಇನ್ನೂ ಹೆಚ್ಚು. ಕೆಲವು ಪ್ರೋಟೀನ್‌ಗಳನ್ನಂತೂ ಈ ಬಲೆಗೇ ಕಟ್ಟಿಹಾಕಿರುತ್ತದೆ, ಅವು ಅಲುಗುವುದೇ ಇಲ್ಲ. ದುರ್ಗದ ಗೋಡೆ ನೂರಾರು ವರ್ಷದಿಂದ ಅಲ್ಲೇ ನಿಂತಿದೆ, ಆಕ್ಟಿನ್ ಬೇಲಿ ಹಾಗಲ್ಲ. ಅದು ಕಳಚುತ್ತ, ಮತ್ತೆ ಕೂಡುತ್ತ ಇರುತ್ತದೆ. ಹೋಲಿಕೆ ಅಷ್ಟಕ್ಕೇ.

ಬಣ್ಣ ಸುಟ್ಟು ನೋಡುವ ಗ್ರಾಫ್ ಓದುವುದು

ಡಿಗ್ರಿ ಪ್ರಶ್ನೆಪತ್ರಿಕೆಗಳಲ್ಲಿ ಈಗ ಬೆಸೆದ ಕೋಶಕ್ಕಿಂತ ಫ್ರ್ಯಾಪ್ ಗ್ರಾಫ್ ಹೆಚ್ಚು ಬರುತ್ತದೆ. ಪೊರೆಯ ಪ್ರೋಟೀನ್‌ಗೆ ಹೊಳೆಯುವ ಬಣ್ಣ ಅಂಟಿಸಿ, ಒಂದು ಸಣ್ಣ ವೃತ್ತದೊಳಗಿನ ಬಣ್ಣವನ್ನು ಲೇಸರ್‌ನಿಂದ ಸುಡುತ್ತಾರೆ. ಸುಟ್ಟ ಅಣು ಮತ್ತೆ ಹೊಳೆಯುವುದಿಲ್ಲ. ಆ ಕಪ್ಪು ಚುಕ್ಕೆ ಮತ್ತೆ ಬೆಳಗಿದರೆ ಹೊರಗಿನ ಅಣುಗಳು ಒಳಗೆ ಅಲೆದು ಬಂದಿವೆ ಎಂದರ್ಥ.

ಲೆಕ್ಕಕ್ಕಾಗಿ ನಾನೇ ಇಟ್ಟ ಅಂಕಿಗಳು ಇವು. ಸುಡುವ ಮೊದಲು ಹೊಳಪು 100, ಸುಟ್ಟ ಕೂಡಲೇ 20, ಏರಿ ಏರಿ ಕೊನೆಗೆ ನಿಂತದ್ದು 76. ವೃತ್ತದ ತ್ರಿಜ್ಯ 2 ಮೈಕ್ರೋಮೀಟರ್.

ಕಳೆದುಹೋದದ್ದು 80, ವಾಪಸು ಬಂದದ್ದು 56. ಭಾಗಿಸಿದರೆ 0.7. ಅಂದರೆ ನೂರರಲ್ಲಿ ಎಪ್ಪತ್ತು ಪ್ರೋಟೀನ್ ಅಲೆಯುತ್ತಿವೆ, ಮೂವತ್ತು ಕಟ್ಟಿಹಾಕಿದವು. ಹೆಚ್ಚಿನವರು 76ನ್ನೇ ಉತ್ತರ ಎಂದು ಬರೆದು ತಪ್ಪುತ್ತಾರೆ. ಸುಟ್ಟ ಮೇಲೂ ಉಳಿದಿದ್ದ 20ನ್ನು ಎರಡೂ ಕಡೆ ಕಳೆಯಬೇಕು.

ವೇಗಕ್ಕೆ ಅರ್ಧ ಚೇತರಿಕೆಯ ಕಾಲ ಬೇಕು. 20 ಮತ್ತು 76ರ ನಡುಮಧ್ಯ 48. ಹೊಳಪು 48 ಮುಟ್ಟಿದ್ದು ಹತ್ತನೇ ಸೆಕೆಂಡಿಗೆ ಎಂದುಕೊಳ್ಳಿ. ಸಮನಾಗಿ ಸುಟ್ಟ ವೃತ್ತಕ್ಕೆ ಸೂತ್ರ:

```
D = 0.224 r² / t½
```

0.224ನ್ನು 4ರಿಂದ ಗುಣಿಸಿ 10ರಿಂದ ಭಾಗಿಸಿದರೆ 0.09. ನಮ್ಮ ಬೆಸೆದ ಕೋಶದ ಅಂದಾಜಿಗಿಂತ ಚುರುಕು, ರೊಡಾಪ್ಸಿನ್‌ಗಿಂತ ನಿಧಾನ. ನಂಬಬಹುದಾದ ಅಂಕಿ.

ಮೋಸಹೋಗುವ ಜಾಗ ಒಂದಿದೆ. ಕೋಶ ಒಳಗಿನಿಂದ ಹೊಸ ಪ್ರೋಟೀನ್ ತಂದು ಅದೇ ವೃತ್ತದಲ್ಲಿ ಸುರಿದರೂ ಹೊಳಪು ಏರುತ್ತದೆ, ಗ್ರಾಫ್ ನೋಡಲು ಹಾಗೇ ಇರುತ್ತದೆ. ಪತ್ತೆ ಮಾಡಲು ಮತ್ತೆ ನಾಣ್ಯದ ಹಾಳೆಗೆ ಹೋಗಿ. ತ್ರಿಜ್ಯವನ್ನು 4 ಮೈಕ್ರೋಮೀಟರ್ ಮಾಡಿ ಇನ್ನೊಂದು ಕೋಶದಲ್ಲಿ ಸುಡಿ. ಚಲನೆ ಅಲೆದಾಟವೇ ಆಗಿದ್ದರೆ ಹತ್ತು ಸೆಕೆಂಡು ನಲವತ್ತಾಗಬೇಕು. ಮೇಲಿಂದ ಸುರಿದದ್ದಾದರೆ ದೊಡ್ಡ ವೃತ್ತವೂ ಸಣ್ಣದರಷ್ಟೇ ಹೊತ್ತಿಗೆ ತುಂಬುತ್ತದೆ, ಮತ್ತೆ ಹತ್ತರ ಆಸುಪಾಸೇ ಬರುತ್ತದೆ. ಜತೆಗೆ ಫಾರ್ಮಲ್ಡಿಹೈಡ್ ಹಾಕಿ ಪ್ರೋಟೀನ್‌ಗಳನ್ನು ಅಂಟಿಸಿಬಿಟ್ಟ ಒಂದು ಕೋಶದಲ್ಲೂ ಸುಟ್ಟು ನೋಡಿ. ಅಲ್ಲಿ ಹೊಳಪು ಹೆಚ್ಚುಕಡಿಮೆ 20ರಲ್ಲೇ ಕೂತಿರಬೇಕು. ಅಲ್ಲೂ ಏರಿದರೆ ಬಣ್ಣ ಪೂರ್ತಿ ಸುಟ್ಟಿರಲಿಲ್ಲ, ತಾತ್ಕಾಲಿಕವಾಗಿ ಮಂಕಾಗಿತ್ತು ಅಷ್ಟೆ, ಅಥವಾ ಅಂಟಿಸಿದ್ದು ಸಾಲದಾಗಿತ್ತು. ಆಗ ಮೊದಲಿನ 0.7, 0.09 ಎರಡನ್ನೂ ಹೊಡೆದುಹಾಕಿ ಪ್ರಯೋಗವನ್ನು ಮೊದಲಿನಿಂದ ಮಾಡಬೇಕು.